ಶೇ 20ರ ಗಳಿಕೆಯ ಹಿಂದೆ ಎಷ್ಟು ಸಾಲ?

ಎರಡು ಕಾರ್ಖಾನೆ ಇವೆ ಅಂತ ಇಟ್ಟುಕೊಳ್ಳಿ. ಎರಡರಲ್ಲೂ ಮಾಲೀಕರ ಸ್ವಂತ ಬಂಡವಾಳ 100 ಲಕ್ಷ ರೂಪಾಯಿ. ಬಡ್ಡಿ, ತೆರಿಗೆ ಎಲ್ಲ ಕಳೆದು ವರ್ಷದ ಲಾಭ 20 ಲಕ್ಷ. ಅಂದರೆ ಎರಡರ ಆರ್‌ಒಇಯೂ, ಸ್ವಂತ ಬಂಡವಾಳದ ಮೇಲಿನ ಗಳಿಕೆ, ಶೇ 20. ಷೇರು ಕೊಳ್ಳುವ ಎಷ್ಟೋ ಜನ ಇಷ್ಟು ನೋಡಿ ಸುಮ್ಮನಾಗುತ್ತಾರೆ.

ಆದರೆ ಆ ಗಳಿಕೆ ಎಲ್ಲಿಂದ ಬಂತು ಅಂತ ಬಿಡಿಸಿ ನೋಡುವ ದಾರಿ ಹಳೆಯದು. 1910ರ ದಶಕದಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿ ಸಿಡಿಮದ್ದು ತಯಾರಿಸುತ್ತಿತ್ತು. ಅಲ್ಲಿದ್ದ ಡೊನಾಲ್ಡ್‌ಸನ್ ಬ್ರೌನ್ ಹೂಡಿದ ಹಣದ ಗಳಿಕೆಯನ್ನು ಎರಡಾಗಿ ಬಿಡಿಸಿದರು. ಮಾರಾಟದಲ್ಲಿ ಕೈಗೆ ಉಳಿಯುವುದೆಷ್ಟು? ಹೂಡಿದ ಹಣ ವರ್ಷಕ್ಕೆ ಎಷ್ಟು ಸುತ್ತು ತಿರುಗುತ್ತದೆ? ಸಾಲದ ಪಾಲನ್ನು ತೋರಿಸುವ ಮೂರನೆಯ ಭಾಗ ಆಮೇಲೆ ಸೇರಿತು. ಈಗ ಲೆಕ್ಕ ಹೀಗಿದೆ:

ಆರ್‌ಒಇ = (ಲಾಭ ÷ ಮಾರಾಟ) × (ಮಾರಾಟ ÷ ಆಸ್ತಿ) × (ಆಸ್ತಿ ÷ ಸ್ವಂತ ಬಂಡವಾಳ)

ಮೊದಲ ಕಾರ್ಖಾನೆಯ ಆಸ್ತಿ 125 ಲಕ್ಷ, ಮಾರಾಟ 200 ಲಕ್ಷ. ಲೆಕ್ಕ ಹಾಕಿದರೆ ಶೇ 10 × 1.6 × 1.25. ಎರಡನೆಯದರ ಆಸ್ತಿ 400 ಲಕ್ಷ, ಮಾರಾಟ 500 ಲಕ್ಷ. ಅಲ್ಲಿ ಶೇ 4 × 1.25 × 4. ಎರಡೂ ಬಂದು ನಿಲ್ಲುವುದು ಶೇ 20ಕ್ಕೇ. ಆದರೆ ಮೊದಲನೆಯದರ ಸಾಲ 25 ಲಕ್ಷ, ಎರಡನೆಯದರದ್ದು 300 ಲಕ್ಷ. ಬಡ್ಡಿ ದರ ಶೇಕಡಾ 2 ಅಂಶಗಳಷ್ಟು ಏರಿದರೆ, ತೆರಿಗೆಯ ಮಾತು ಬಿಟ್ಟರೆ, ಮೊದಲನೆಯದಕ್ಕೆ 50 ಸಾವಿರ ಹೋಗುತ್ತದೆ, ಎರಡನೆಯದಕ್ಕೆ 6 ಲಕ್ಷ. ಅದರ ಆರ್‌ಒಇ ಒಂದೇ ಏಟಿಗೆ ಶೇ 14ಕ್ಕೆ ಇಳಿಯುತ್ತದೆ.

ಈಗ ಬೆಳವಣಿಗೆಗೆ ಬರೋಣ. ಇಬ್ಬರೂ 8 ಲಕ್ಷ ಡಿವಿಡೆಂಡ್ ಹಂಚಿ 12 ಲಕ್ಷ ಒಳಗೇ ಉಳಿಸಿಕೊಂಡರು, ಅಂದರೆ ಲಾಭದ ಶೇ 60. ಶೇ 20 × 0.6 = ಶೇ 12. ಹೊಸ ಷೇರು ಮಾರದೆ, ಮೇಲಿನ ಮೂರು ಅನುಪಾತಗಳನ್ನೂ ಕದಲಿಸದೆ ಕಂಪನಿ ವರ್ಷಕ್ಕೆ ಇಷ್ಟು ಬೆಳೆಯಬಹುದು. ಇದಕ್ಕೇ ಸುಸ್ಥಿರ ಬೆಳವಣಿಗೆ ದರ ಅನ್ನುತ್ತಾರೆ.

ಇಲ್ಲೊಂದು ಕಡೆ ಜಾಸ್ತಿ ಜನ ಎಡವುತ್ತಾರೆ. ಲಾಭವನ್ನು ಭಾಗಿಸಬೇಕಾದದ್ದು ವರ್ಷದ ಆರಂಭದ ಬಂಡವಾಳದಿಂದ. ವರ್ಷದ ಕೊನೆಯ 112 ಲಕ್ಷದಿಂದ ಭಾಗಿಸಿದರೆ ಆರ್‌ಒಇ ಶೇ 17.9 ಆಗಿ, ಬೆಳವಣಿಗೆ ಶೇ 10.7 ಅಂತ ಕಡಿಮೆ ಕಾಣುತ್ತದೆ. ಬಂಡವಾಳ ನಿಜವಾಗಿ ಬೆಳೆದದ್ದು 100ರಿಂದ 112ಕ್ಕೆ ಅಲ್ವಾ?

ಇನ್ನು, ‘ಸುಸ್ಥಿರ’ ಅಂದರೆ ಸಾಲವಿಲ್ಲದೆ ಅಂತ ತಿಳಿಯಬೇಡಿ. ಸಾಲ ಬಂಡವಾಳದ ಜೊತೆಜೊತೆಗೇ ಬೆಳೆಯುತ್ತದೆ ಎಂದು ಈ ಸೂತ್ರ ಸದ್ದಿಲ್ಲದೆ ಒಪ್ಪಿಕೊಂಡಿರುತ್ತದೆ. ಶೇ 12 ಬೆಳೆದಾಗ ಮೊದಲ ಕಾರ್ಖಾನೆಯ ಆಸ್ತಿ 140 ಲಕ್ಷ ಆಗಬೇಕು. ಉಳಿಸಿದ 12 ಲಕ್ಷದ ಜೊತೆ 3 ಲಕ್ಷ ಸಾಲ ತಂದರೆ ಸಾಕು. ಎರಡನೆಯದರ ಆಸ್ತಿ 448 ಲಕ್ಷಕ್ಕೆ ಏರಬೇಕು. ಅದೇ 12 ಲಕ್ಷ ಹಾಕಿದ ಮೇಲೂ 36 ಲಕ್ಷ ಬೇಕು. ಬ್ಯಾಂಕಿನವರು ಆ ವರ್ಷ ಹೊಸ ಸಾಲ ಕೊಡುವುದಿಲ್ಲ ಅಂದರೆ ಆಸ್ತಿ 412 ಲಕ್ಷಕ್ಕೇ ನಿಲ್ಲುತ್ತದೆ, ಬೆಳವಣಿಗೆ ಬರೀ ಶೇ 3.