"ನೋಡೋಣ" ಅನ್ನುವ ಮಾತು ಮೊಬೈಲಿಗೆ ಬಂದ ಮೇಲೆ

ಕುಮಟಾದಿಂದ ಶಿರಸಿವರೆಗೆ, ನಮ್ಮ ಕಡೆ ಸಂಬಂಧ ಇಷ್ಟವಾಗದಿದ್ದರೆ ಹೇಳಿ ಕಳಿಸುತ್ತಿದ್ದ ಮಾತು ಒಂದೇ: "ಜಾತಕ ಕೂಡಿ ಬರಲಿಲ್ಲ." ಅದರಲ್ಲಿ ಯಾರ ತಪ್ಪೂ ಇರಲಿಲ್ಲ, ತಿದ್ದಿಕೊಳ್ಳಲು ಏನೂ ಇರಲಿಲ್ಲ. ಗ್ರಹಗಳನ್ನು ಯಾರು ಸರಿಸುತ್ತಾರೆ? "ನೋಡೋಣ, ಆಮೇಲೆ ತಿಳಿಸ್ತೇವೆ" ಅಂದರೂ ಮಧ್ಯೆ ಓಡಾಡುವ ಹಿರಿಯರಿಗೆ ಅದು "ಬೇಡ" ಅಂತ ಗೊತ್ತಾಗುತ್ತಿತ್ತು. ಆ ಕಡೆಯವರಿಗೆ ಬಿಡಿಸಿ ಹೇಳುವ ಕೆಲಸ ಅವರದ್ದು.

ಈಗ ನಾಲ್ಕೈದು ವಾರ ಜೊತೆಯಲ್ಲಿ ಓಡಾಡಿದ ಇಬ್ಬರ ನಡುವೆ ಜಾತಕವೂ ಇಲ್ಲ, ಹಿರಿಯರೂ ಇಲ್ಲ. "ನೋಡೋಣ" ಮಾತ್ರ ಉಳಿದಿದೆ. ತೊಂದರೆ ಅಲ್ಲೇ ಶುರು.

ಎಸ್ಸೆಮ್ಮೆಸ್ ಕಾಲದಲ್ಲಿ ಇದು ಇಷ್ಟು ಕಾಡುತ್ತಿರಲಿಲ್ಲ. ಒಂದು ಎಸ್ಸೆಮ್ಮೆಸ್‌ನಲ್ಲಿ ಇಂಗ್ಲಿಷ್ ಆದರೆ 160 ಅಕ್ಷರ, ಕನ್ನಡ ಲಿಪಿ ಆದರೆ ಬರೀ 70. ಅಷ್ಟರಲ್ಲಿ ಮನಸ್ಸು ಬಿಚ್ಚುವುದು ಹೇಗೆ? ಹಾಗಾಗಿ ಜಾಸ್ತಿ ಜನ ಸುಮ್ಮನಾಗುತ್ತಿದ್ದರು. ಮಿಸ್ಡ್ ಕಾಲಿಗೆ ವಾಪಸ್ ಮಾಡುತ್ತಿರಲಿಲ್ಲ. ಕರೆನ್ಸಿ ಖಾಲಿ, ಘಟ್ಟದಲ್ಲಿ ರೇಂಜ್ ಇಲ್ಲ ಅಂತ ಆ ಮೌನಕ್ಕೊಂದು ಮರೆ ಇತ್ತು.

2014ರ ನವೆಂಬರಿನಲ್ಲಿ ವಾಟ್ಸಾಪ್‌ಗೆ ನೀಲಿ ಟಿಕ್ ಬಂತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಶುರುವಾಗಿ ಡೇಟಾ ಅಗ್ಗವಾಯಿತು. ಆಮೇಲೆ ಮೌನವೂ ಕಣ್ಣಿಗೆ ಕಾಣತೊಡಗಿತು. ಓದಿದಳು, ಉತ್ತರ ಕೊಡಲಿಲ್ಲ. ಆದರೆ ರಾತ್ರಿ ನನ್ನ ಸ್ಟೇಟಸ್ ನೋಡಿದಳು! ಕಾಯುವವನಿಗೆ ಅಷ್ಟೇ ಸಾಕು, ಇನ್ನೊಂದು ವಾರ ಕಾಯುತ್ತಾನೆ.

ಅಮೆರಿಕದ ಮನಶ್ಶಾಸ್ತ್ರಜ್ಞ ರಾಯ್ ಬೌಮೈಸ್ಟರ್ ಮತ್ತು ಜೊತೆಗಾರರು 1993ರಲ್ಲಿ ಒಮ್ಮುಖ ಪ್ರೀತಿಯ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಬೇಡ ಅನ್ನಬೇಕಾದವರೂ ಒದ್ದಾಡುತ್ತಾರೆ, ಅವರ ಕೈಯಲ್ಲಿ ಸಿದ್ಧ ಮಾತೇ ಇರುವುದಿಲ್ಲ ಅನ್ನುವುದು ಅದರ ಮುಖ್ಯ ಮಾತು. ಓದಿದಾಗ ನನಗೆ ನೆನಪಾದದ್ದು ಜಾತಕವೇ. ನಮ್ಮಲ್ಲಿ ಆ ಸಿದ್ಧ ಮಾತು ಇತ್ತು, ಕಳೆದುಕೊಂಡೆವು.

ಕಾರವಾರದಲ್ಲಿ ಕೆಲಸ ಮಾಡುವ ಗೆಳತಿಯೊಬ್ಬಳಿಗೆ ಅಂಕೋಲಾದ ಹುಡುಗನ ಪರಿಚಯವಾಯಿತು. ಆರು ವಾರ, ಐದು ಭೇಟಿ, ಎರಡು ಸಲ ಟಾಗೋರ್ ಬೀಚ್. ಅವಳಿಗೆ ಮನಸ್ಸಾಗಲಿಲ್ಲ. ಬರೆದಿಟ್ಟುಕೊಂಡ ಮೆಸೇಜನ್ನು ನನಗೆ ತೋರಿಸಿದಳು: "ಸಾರಿ ಮಾರಾಯ, ಸದ್ಯಕ್ಕೆ ಕೆಲಸ ಜಾಸ್ತಿ. ಈಗ ಇದೆಲ್ಲ ಬೇಡ ಅನ್ಸತ್ತೆ. ನೀನು ತುಂಬಾ ಒಳ್ಳೆಯವನು. ಮುಂದೆ ನೋಡೋಣ."

ಒಂದೊಂದು ಪದವನ್ನೂ ಅವನ ಕಣ್ಣಿನಿಂದ ಓದಿ ನೋಡಿ. "ಸದ್ಯಕ್ಕೆ" ಅಂದರೆ ಆಮೇಲೆ ಆಗಬಹುದು. "ಕೆಲಸ ಜಾಸ್ತಿ" ಅಂದರೆ ಕೆಲಸ ಕಡಿಮೆಯಾಗುವವರೆಗೆ ಕಾದರಾಯಿತು. "ಅನ್ಸತ್ತೆ" ಅಂದರೆ ಇನ್ನೂ ಗಟ್ಟಿ ಮಾಡಿಲ್ಲ. ಇನ್ನು "ನೋಡೋಣ" ಅನ್ನುವುದನ್ನು ಬಿಡಿಸಿ ಹೇಳುವ ಹಿರಿಯರು ಅಲ್ಲಿ ಇಲ್ಲವಲ್ಲ. ಅವಳು ಬರೆದದ್ದು ಕರುಣೆಯಿಂದಲೇ. ಅವನಿಗೆ ತಲುಪುತ್ತಿದ್ದದ್ದು ಮಾತ್ರ ಒಂದು ವಾಯಿದೆ.

ಕೊನೆಗೆ ಕಳಿಸಿದ್ದು ಇದು: "ನಿನ್ನ ಜೊತೆ ಕಳೆದ ಸಂಜೆಗಳು ಖುಷಿ ಕೊಟ್ಟವು. ಆದ್ರೆ ನಂಗೆ ನಿನ್ನ ಮೇಲೆ ಪ್ರೀತಿ ಹುಟ್ಟಲಿಲ್ಲ. ಅದಕ್ಕೆ ಇಲ್ಲಿಗೆ ನಿಲ್ಲಿಸ್ತಾ ಇದ್ದೇನೆ. ನಿನ್ನದೇನೂ ತಪ್ಪಿಲ್ಲ. ಯೋಚಿಸಿಯೇ ಹೇಳ್ತಾ ಇದ್ದೇನೆ, ಇದು ಬದಲಾಗೋದಿಲ್ಲ. ಇನ್ನು ಮೆಸೇಜ್ ಬೇಡ. ಎದುರು ಸಿಕ್ಕರೆ ಮುಖ ತಿರುಗಿಸೋದೂ ಬೇಡ."

"ಪ್ರೀತಿ ಹುಟ್ಟಲಿಲ್ಲ" ಅನ್ನುವುದು ಜಾತಕದ ಮಾತಿನ ಹಾಗೇ ಕೆಲಸ ಮಾಡುತ್ತದೆ. ಅದಕ್ಕೆ ಎದುರು ವಾದ ಇಲ್ಲ, ಸರಿಪಡಿಸುವ ದಾರಿಯೂ ಇಲ್ಲ. ಒಂದೇ ವ್ಯತ್ಯಾಸ, ಇದು ನೆಪ ಅಲ್ಲ, ನಿಜ. ಕೊನೆಯ ಸಾಲು ನಮ್ಮಂಥ ಊರುಗಳಿಗೆ ಬೇಕೇ ಬೇಕು. ಇಲ್ಲಿ ಒಂದೇ ಬಸ್ಸು, ಒಂದೇ ಜಾತ್ರೆ, ಮತ್ತೆ ಸಿಗದೇ ಇರುವುದು ಸಾಧ್ಯವೇ ಇಲ್ಲ. "ಫ್ರೆಂಡ್ಸ್ ಆಗಿರೋಣ" ಅಂತ ಅವಳು ಬರೆಯಲಿಲ್ಲ. ಬರೆದಿದ್ದರೆ ಅವನು ಅದನ್ನೇ ಹಿಡಿದು ಮರುದಿನ ಗುಡ್ ಮಾರ್ನಿಂಗ್ ಕಳಿಸುತ್ತಿದ್ದ.

ಕಳಿಸಿದ್ದು ಭಾನುವಾರ ಸಂಜೆ, ಅವನು ಕೆಲಸದಲ್ಲಿ ಇಲ್ಲದ ಹೊತ್ತು ನೋಡಿ. "ಯಾಕೆ? ನಾನೇನಾದ್ರೂ ಮಾಡಿದ್ನಾ?" ಅಂತ ಕೇಳಿದ. ಆ ಪ್ರಶ್ನೆಗೆ ಉತ್ತರ ಕೊಡಬೇಕು, ಒಂದೇ ಸಲ. "ಇಲ್ಲ, ನೀನು ಏನೂ ಮಾಡಿಲ್ಲ. ಮನಸ್ಸಾಗಲಿಲ್ಲ ಅಷ್ಟೆ" ಅಂದಳು. ಮೂರನೇ ರಾತ್ರಿ ಅವನು ಬೀಚಿನ ಹಳೇ ಫೋಟೋ ಕಳಿಸಿದ. ಪಾಪ ಅನ್ನಿಸಿ ಒಂದು ಹಾರ್ಟ್ ಒತ್ತಲು ಬೆರಳು ಹೋಗಿತ್ತಂತೆ. ಒತ್ತಿದ್ದರೆ ಬರೆದ ಅಷ್ಟೂ ಸಾಲು ನೀರಿಗೆ ಹೋದಂತೆ. ಒತ್ತಲಿಲ್ಲ. ಅವನ ಸ್ಟೇಟಸ್ ನೋಡುವುದನ್ನೂ ಬಿಟ್ಟಳು.

ಇದೆಲ್ಲ ಕೆಲವೇ ವಾರಗಳ ಒಡನಾಟಕ್ಕೆ. ವರ್ಷಗಟ್ಟಲೆ ಜೊತೆಗಿದ್ದವರಿಗೆ, ಮದುವೆ ಮಾತು ಆಡಿದವರಿಗೆ ಮೆಸೇಜ್ ಸಾಲದು, ಎದುರು ಕೂತೇ ಹೇಳಬೇಕು. ಎದುರಿನವರು ಬೆದರಿಸುವ ಜಾತಿಯಾದರೆ ಮಾತೇ ಬೇಡ. ಮೆಸೇಜುಗಳನ್ನು ಉಳಿಸಿಟ್ಟುಕೊಂಡು, ಬ್ಲಾಕ್ ಮಾಡಿ, ಮನೆಯಲ್ಲಿ ತಿಳಿಸಿ.

ಎರಡು ತಿಂಗಳ ಮೇಲೆ ಅಂಕೋಲಾ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರೂ ಎದುರಾದರಂತೆ. "ಊಟ ಆಯ್ತಾ?" ಅಂತ ಕೇಳಿದನಂತೆ. "ಆಯ್ತು, ನಿಂದು?" ಅಂದಳಂತೆ. ಅಷ್ಟರಲ್ಲಿ ಕಾರವಾರದ ಬಸ್ಸು ಬಂತು.