ಬೀಗ ಬಿದ್ದ ಆಟಗಳು

ಜುಲೈ ಮಧ್ಯದಲ್ಲಿ ಒಬ್ಬ ಡಿಪ್ಲೊಮಾ ವಿದ್ಯಾರ್ಥಿ ತನ್ನ ಪಿಎಸ್5 ಆಟದ ಯಂತ್ರವನ್ನು ಬೆನ್ನಚೀಲದಲ್ಲಿ ಹೊತ್ತುಕೊಂಡು ನಮ್ಮ ರಿಪೇರಿ ಅಂಗಡಿಗೆ ಬಂದ. "ಸರ್, ಮೆಮೊರಿ ಕೆಟ್ಟಿರಬೇಕು. ಮೂವತ್ತಕ್ಕೂ ಹೆಚ್ಚು ಆಟಗಳಿದ್ದವು, ಒಂದೂ ತೆರೆಯುತ್ತಿಲ್ಲ. ಫ್ಯಾಕ್ಟರಿ ರೀಸೆಟ್ ಮಾಡು ಎಂದು ಗೆಳೆಯ ಹೇಳಿದ" ಎಂದ. ಅಷ್ಟು ಮಾಡದೆ ಬಂದದ್ದು ಅವನ ಪುಣ್ಯ.

ಟಿವಿಗೆ ಜೋಡಿಸಿ ನೋಡಿದೆ. ಹೆಚ್ಚಿನ ಆಟಗಳ ಚಿತ್ರದ ಮೇಲೆ ಪುಟ್ಟ ಬೀಗದ ಗುರುತು ಕಾಣುತ್ತಿತ್ತು. ಅವನೇ ತಂದಿದ್ದ ಕ್ರಿಕೆಟ್ ಆಟದ ಡಿಸ್ಕ್ ಹಾಕಿದಾಗ ಅದು ಸರಾಗವಾಗಿ ತೆರೆದುಕೊಂಡಿತು. ಯಂತ್ರಕ್ಕೆ ಏನೂ ಆಗಿರಲಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಚಂದಾ ವಿವರ ತೆರೆದರೆ ಸೋನಿಯ ಪ್ಲೇಸ್ಟೇಷನ್ ಪ್ಲಸ್ ಎಂಬ ಚಂದಾ ಮಾರ್ಚ್ 20ಕ್ಕೇ ಮುಗಿದಿತ್ತು. ತಾನಾಗಿಯೇ ನವೀಕರಣವಾಗುತ್ತದೆ ಎಂದು ಅವನು ನಂಬಿದ್ದ. ಆದರೆ 2021ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದಂತೆ, ಗ್ರಾಹಕ ಮೊದಲೇ ಒಪ್ಪಿಗೆ ನೋಂದಾಯಿಸದಿದ್ದರೆ ಕಾರ್ಡಿನಿಂದ ಇಂಥ ನವೀಕರಣದ ಹಣ ತಾನಾಗಿ ಕಡಿತವಾಗುವುದಿಲ್ಲ.

ಬೀಗ ಬಿದ್ದವೆಲ್ಲ ಆ ಚಂದಾದ ಜೊತೆ ಉಚಿತವಾಗಿ ಬಂದ ಆಟಗಳು. ಈ "ಉಚಿತ" ಎಂಬ ಮಾತನ್ನು ಬಿಡಿಸಿ ನೋಡಬೇಕು. ಪ್ಲಸ್ ಸದಸ್ಯರಿಗೆ ತಿಂಗಳ ಆಟಗಳು ಸಾಮಾನ್ಯವಾಗಿ ಮೊದಲ ಮಂಗಳವಾರ ಬರುತ್ತವೆ, ಮುಂದಿನ ತಿಂಗಳ ಆಟಗಳು ಬರುವ ಹಿಂದಿನ ದಿನದವರೆಗೆ ಸಿಗುತ್ತವೆ. ಆ ಅವಧಿಯಲ್ಲಿ Add to Library ಒತ್ತಿದರೆ ಆಟ ನಮ್ಮ ಖಾತೆಗೆ ಸೇರುತ್ತದೆ. ಆಗಲೇ ಡೌನ್‌ಲೋಡ್ ಮಾಡಬೇಕಾಗಿಲ್ಲ, ಫೋನಿನ ಆ್ಯಪ್‌ನಿಂದ ಒತ್ತಿದರೂ ಸಾಕು. ಕೊಡುಗೆಯ ತಿಂಗಳು ಮುಗಿದರೂ ಆ ಆಟ ನಮ್ಮಲ್ಲೇ ಉಳಿಯುತ್ತದೆ, ಆದರೆ ಆಡುವ ಹಕ್ಕು ಮಾತ್ರ ಚಂದಾಕ್ಕೆ ಕಟ್ಟುಬಿದ್ದಿರುತ್ತದೆ. ಚಂದಾ ನಿಂತ ದಿನ ಬೀಗ ಬೀಳುತ್ತದೆ. ಅದೇ ಖಾತೆಯಲ್ಲಿ ಮತ್ತೆ ಚಂದಾ ಕಟ್ಟಿದರೆ ಹಿಂದೆ ಸೇರಿಸಿಕೊಂಡವೆಲ್ಲ ತೆರೆಯುತ್ತವೆ.

ಅದೇ ಖಾತೆ ಎಂಬುದನ್ನು ಒತ್ತಿ ಹೇಳುತ್ತೇನೆ. ಮಗನ ಆಟಗಳಿಗೆ ಬೀಗ ಬಿದ್ದಾಗ ತಂದೆಯವರು ತಮ್ಮ ಹೆಸರಿನಲ್ಲಿ ಹೊಸ ಖಾತೆ ತೆರೆದು, ಅದಕ್ಕೆ ಒಂದು ವರ್ಷದ ಹಣ ಕಟ್ಟಿ, ಬಳಿಕ ನನ್ನ ಬಳಿಗೆ ಬಂದದ್ದನ್ನು ಕಂಡಿದ್ದೇನೆ. ಹಳೆಯ ಆಟಗಳು ಮಗನ ಖಾತೆಯಲ್ಲಿದ್ದವು. ತಂದೆಯ ಚಂದಾ ಅವುಗಳ ಬೀಗ ತೆಗೆಯಲಿಲ್ಲ.

ಬೀಗ ಯಾವುದರ ಮೇಲೆ ಬಿದ್ದಿದೆ ಎಂಬುದರಿಂದಲೇ ಕಾರಣ ತಿಳಿಯುತ್ತದೆ. ಪ್ಲಸ್‌ನಿಂದ ಬಂದವೆಲ್ಲ ಒಟ್ಟಿಗೆ ಮುಚ್ಚಿಕೊಂಡು, ದುಡ್ಡು ಕೊಟ್ಟು ಕೊಂಡ ಆಟಗಳು ನಡೆಯುತ್ತಿದ್ದರೆ ಚಂದಾ ಮುಗಿದಿದೆ. ಚಂದಾ ಚಾಲ್ತಿಯಲ್ಲಿದ್ದೂ ಒಂದೆರಡು ಆಟಗಳಿಗೆ ಮಾತ್ರ ಬೀಗ ಬಿದ್ದಿದ್ದರೆ ಅವು ಬಹುಪಾಲು ಪ್ಲಸ್‌ನ ಮೇಲಿನ ದರ್ಜೆಗಳಾದ ಎಕ್ಸ್‌ಟ್ರಾ ಅಥವಾ ಡಿಲಕ್ಸ್‌ನ ಕ್ಯಾಟಲಾಗ್‌ಗೆ ಸೇರಿದವು. ಕ್ಯಾಟಲಾಗ್ ಎಂದರೆ ಎರವಲು ಗ್ರಂಥಾಲಯವಿದ್ದಂತೆ, ಅಲ್ಲಿಂದ ತೆಗೆದುಹಾಕಿದ ಆಟ ಚಂದಾದಾರನಿಗೂ ಸಿಗುವುದಿಲ್ಲ. ಕೊಂಡ ಆಟಕ್ಕೇ ಬೀಗ ಬಿದ್ದಿದ್ದರೆ ಪರವಾನಗಿಯ ಗೊಂದಲವಿರಬಹುದು. ಸೆಟ್ಟಿಂಗ್ಸ್‌ನ ಖಾತೆ ವಿಭಾಗದಲ್ಲಿ Restore Licenses ಒತ್ತಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಎಲ್ಲ ಆನ್‌ಲೈನ್ ಅಂಗಡಿಗಳ ರೀತಿ ಒಂದೇ ಅಲ್ಲ. ಎಪಿಕ್ ಗೇಮ್ಸ್ ಸ್ಟೋರ್ ಪ್ರತಿ ಗುರುವಾರ ಕೊಡುವ ಪಿಸಿ ಆಟಕ್ಕೆ ಚಂದಾದ ಹಂಗಿಲ್ಲ. 2020ರ ಮೇ ತಿಂಗಳಲ್ಲಿ ಜಿಟಿಎ 5 ಉಚಿತವಾಗಿದ್ದ ವಾರ ಅದನ್ನು ಪಡೆದುಕೊಂಡವರಿಗೆ ಅದು ಕೊಂಡ ಆಟದಷ್ಟೇ ಸ್ವಂತ. ಅಮೆಜಾನ್ ಪ್ರೈಮ್ ಮೂಲಕ ಸಿಗುವ ಕೆಲವು ಆಟಗಳು ಕೋಡ್ ರೂಪದಲ್ಲಿ ಬರುತ್ತವೆ. ಆ ಕೋಡನ್ನು ಜಿಒಜಿಯಂಥ ಅಂಗಡಿಯ ಖಾತೆಯಲ್ಲಿ ನಮೂದಿಸಿದ ಮೇಲೆ ಪ್ರೈಮ್ ನಿಂತರೂ ಆಟ ಉಳಿಯುತ್ತದೆ. ಆದರೆ ಕೋಡ್ ಕೈಗೆ ಬಂದಿತೆಂದು ಸುಮ್ಮನಿದ್ದವರು ಅದರ ಕೊನೆಯ ದಿನಾಂಕ ದಾಟಿದಾಗ ಆಟವನ್ನು ಕಳೆದುಕೊಳ್ಳುತ್ತಾರೆ. ಎಕ್ಸ್‌ಬಾಕ್ಸ್‌ನ ಗೇಮ್ಸ್ ವಿತ್ ಗೋಲ್ಡ್ ಯೋಜನೆಯಲ್ಲಂತೂ ಎರಡೂ ಬಗೆ ಇದ್ದವು. 2023ರಲ್ಲಿ ಅದು ನಿಂತಾಗ ಎಕ್ಸ್‌ಬಾಕ್ಸ್ 360ರ ಆಟಗಳು ಪಡೆದವರಿಗೇ ಉಳಿದವು, ಎಕ್ಸ್‌ಬಾಕ್ಸ್ ಒನ್ ಆಟಗಳಿಗೆ ಮಾತ್ರ ಚಂದಾ ಬೇಕಾಯಿತು.

ನಮ್ಮ ವಿದ್ಯಾರ್ಥಿ ಅಂಗಡಿಯಲ್ಲೇ ಕುಳಿತು ಹಳೆಯ ಖಾತೆಗೆ ಒಂದು ತಿಂಗಳ ಚಂದಾ ಕಟ್ಟಿದ. ಬೀಗಗಳು ಮಾಯವಾದವು. ಸೇವ್ ಕಡತಗಳು ಯಂತ್ರದಲ್ಲೇ ಇದ್ದುದರಿಂದ ಮಾರ್ಚ್‌ನಲ್ಲಿ ಬಿಟ್ಟಲ್ಲಿಂದಲೇ ಆಟ ಮುಂದುವರಿಯಿತು. ಗೆಳೆಯನ ಮಾತು ಕೇಳಿ ರೀಸೆಟ್ ಮಾಡಿದ್ದರೆ ಆಟಗಳು ಮತ್ತೆ ಡೌನ್‌ಲೋಡ್ ಆಗುತ್ತಿದ್ದವು, ಕ್ಲೌಡ್‌ನಲ್ಲಿ ಪ್ರತಿ ಇಲ್ಲದಿದ್ದರೆ ಆ ಕಡತಗಳು ಮಾತ್ರ ಅಳಿಸಿಹೋಗುತ್ತಿದ್ದವು. ಏಪ್ರಿಲ್, ಮೇ, ಜೂನ್ ತಿಂಗಳ ಆಟಗಳು ಅವನಿಗೆ ಸಿಗಲಿಲ್ಲ. ಆಗ ಚಂದಾ ಇರಲಿಲ್ಲವಾದ್ದರಿಂದ ಅವನ್ನು ಸೇರಿಸಿಕೊಳ್ಳುವ ದಾರಿಯೂ ಇರಲಿಲ್ಲ. ಜುಲೈನವು ಇನ್ನೂ ಪಟ್ಟಿಯಲ್ಲಿದ್ದವು. ಹೊರಡುವ ಮೊದಲು ಫೋನಿನಲ್ಲೇ ಅವನ್ನು ಸೇರಿಸಿಕೊಂಡ.