ಫಾರ್ಮ್ ಸಬ್ಮಿಟ್ ಆಗುತ್ತಿಲ್ಲವೇ? ಮೊದಲು ಆ ಮೂರಂಕಿ ನೋಡಿ

ಫಾರ್ಮ್ ತುಂಬಿ ಸಬ್ಮಿಟ್ ಒತ್ತಿದರೆ ‘ಏನೋ ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ’ ಅಂತ ಬರುತ್ತದೆ. ಈ ಸಾಲನ್ನು ಓದಿ ಯಾರ ಕಡೆ ತಪ್ಪು ಅಂತ ಹೇಳಲಾಗದು. ಸರ್ವರ್ ಕೊಟ್ಟ ಅಸಲಿ ಉತ್ತರ ಬೇರೆ ಕಡೆ ಇರುತ್ತದೆ. ಕ್ರೋಮ್‌ನಲ್ಲಿ F12 ಒತ್ತಿ, Network ತೆರೆದು, Preserve log ಎಂಬಲ್ಲಿ ಟಿಕ್ ಹಾಕಿ ಸಬ್ಮಿಟ್ ಮಾಡಿ. ಟಿಕ್ ಇಲ್ಲದಿದ್ದರೆ ಪುಟ ಬದಲಾದ ಕೂಡಲೇ ಪಟ್ಟಿ ಅಳಿಸಿಹೋಗುತ್ತದೆ. ಫಾರ್ಮ್ ಕಳಿಸಿದ POST ಸಾಲಿನ ಮೂರಂಕಿಯ ಸ್ಟೇಟಸ್ ಕೋಡ್ 4ರಿಂದ ಶುರುವಾದರೆ ‘ನೀವು ಕಳಿಸಿದ್ದನ್ನು ತೆಗೆದುಕೊಳ್ಳಲಾರೆ’ ಎಂದರ್ಥ. 5ರಿಂದ ಶುರುವಾದರೆ ‘ನನ್ನ ಕೈಲಿ ಆಗಲಿಲ್ಲ’ ಎಂದರ್ಥ.

ಆದರೆ 4 ಕಂಡ ತಕ್ಷಣ ಬಳಕೆದಾರರನ್ನು ದೂರಬೇಡಿ. ಒಂದು ತರಬೇತಿ ಸಂಸ್ಥೆಯ ಅರ್ಜಿಯಲ್ಲಿ ಫೋಟೋ ಹಾಕಬೇಕಿತ್ತು. ಸ್ಟುಡಿಯೋದಲ್ಲಿ ಸಣ್ಣದು ಮಾಡಿಸಿ ತಂದವರ ಅರ್ಜಿ ಹೋಗುತ್ತಿತ್ತು, ಮೊಬೈಲ್‌ನಲ್ಲಿ ತೆಗೆದು ನೇರ ಹಾಕಿದವರದ್ದು ಹೋಗುತ್ತಿರಲಿಲ್ಲ. ‘ನಿಮ್ಮ ನೆಟ್ ಸ್ಲೋ’ ಅಂತ ಹೇಳಿ ಕಳಿಸುತ್ತಿದ್ದರು. ಸ್ಟೇಟಸ್ ನೋಡಿದರೆ 413, ಅಂದರೆ ಕಳಿಸಿದ್ದು ತೀರಾ ದೊಡ್ಡದು. ಅಪ್ಲಿಕೇಶನ್ ಲಾಗ್‌ನಲ್ಲಿ ಮಾತ್ರ ಏನೂ ಇರಲಿಲ್ಲ. ಅರ್ಜಿ ಅಲ್ಲಿಯವರೆಗೆ ತಲುಪಿಯೇ ಇರಲಿಲ್ಲ, ಅಪ್ಲಿಕೇಶನ್ ಮುಂದೆ ನಿಂತಿದ್ದ nginx ಎಂಬ ವೆಬ್ ಸರ್ವರ್ ಬಾಗಿಲಲ್ಲೇ ತಡೆದಿತ್ತು. ಅದರ ಎರರ್ ಲಾಗ್‌ನಲ್ಲಿ ಹೀಗಿತ್ತು:

```
client intended to send too large body: 3482115 bytes
```

ನಾವಾಗಿ ಬದಲಿಸದಿದ್ದರೆ nginx ಮಿತಿ 1 ಎಂಬಿ. ಫಾರ್ಮ್‌ನಲ್ಲಿ ‘5 ಎಂಬಿವರೆಗೆ ಹಾಕಬಹುದು’ ಎಂದು ಬರೆದಿತ್ತು. ಹಾಗಾಗಿ ಕೋಡ್ 4ರ ಸಾಲಿನದ್ದಾದರೂ ರಿಪೇರಿ ಆಗಬೇಕಿದ್ದದ್ದು ಸರ್ವರ್‌ನಲ್ಲೇ:

```
client_max_body_size 8m;
```

5 ಸಾಲದೇ ಅಂತ ಕೇಳಬಹುದು. ಈ ಮಿತಿ ಫೋಟೋಗೆ ಮಾತ್ರ ಅಲ್ಲ, ಅದರ ಜೊತೆ ಒಂದೇ ಸಲಕ್ಕೆ ಹೋಗುವ ಅಂಕಪಟ್ಟಿ, ಹೆಸರು, ವಿಳಾಸ ಎಲ್ಲಕ್ಕೂ ಸೇರಿ. ಸ್ವಲ್ಪ ಜಾಗ ಬಿಡಲೇಬೇಕು. 20 ಎಂಬಿ ಫೈಲ್ ಹಾಕಿದವರಿಗೆ ಆಗಲೂ 413 ಬರುತ್ತದೆ, ಅದು ಅವರೇ ಸರಿಮಾಡಿಕೊಳ್ಳಬೇಕಾದದ್ದು.

ಇದರ ತಿರುಗುಮುರುಗು ಕೂಡ ಇದೆ. ಯಾರೋ ಹುಟ್ಟಿದ ದಿನ ಫೆಬ್ರವರಿ 31 ಎಂದು ತುಂಬಿ 500 ಬಂದರೆ, ತಪ್ಪು ತುಂಬಿದ್ದು ಅವರೇ. ಆದರೂ ನಾನು ಅದನ್ನು ಸರ್ವರ್ ದೋಷ ಅಂತಲೇ ಬರೆದುಕೊಳ್ಳುತ್ತೇನೆ. ದಿನಾಂಕ ಪರಿಶೀಲಿಸಿ 400 ಅಥವಾ 422 ಕೊಟ್ಟು, ಯಾವ ಖಾನೆ ತಪ್ಪಾಗಿದೆ ಅಂತ ತೋರಿಸಬೇಕಿದ್ದ ಪ್ರೋಗ್ರಾಂ ಅಲ್ಲೇ ಕುಸಿದಿದೆ.

504 ಬಂದಾಗ ಮಾತ್ರ ದಯವಿಟ್ಟು ಸುಮ್ನೆ ಮತ್ತೆ ಮತ್ತೆ ಒತ್ತಬೇಡಿ. nginx ಹಿಂದೆ ಇರುವ ಅಪ್ಲಿಕೇಶನ್ ಉತ್ತರ ಕೊಡಲು ತಡಮಾಡಿತು, nginx ಕಾದು ಬಿಟ್ಟುಬಿಟ್ಟಿತು ಅಷ್ಟೇ. ಬದಲಿಸದಿದ್ದರೆ ಅದು ಕಾಯುವುದು 60 ಸೆಕೆಂಡ್. ಅಷ್ಟರಲ್ಲಿ ಒಳಗೆ ಅರ್ಜಿ ಸೇವ್ ಆಗಿರಬಹುದು, ಹಣವೂ ಕಟ್ ಆಗಿರಬಹುದು. ಮೊದಲು ಅರ್ಜಿ ಸಂಖ್ಯೆ ಬಂದಿದೆಯೇ ನೋಡಿ. ಬಂದಿಲ್ಲವೆಂದರೆ ಸಬ್ಮಿಟ್ ಒತ್ತಿದ ಸಮಯ, ಪುಟದ ವಿಳಾಸ ಮತ್ತು ಆ ಕೋಡ್ ಬರೆದು ಸರ್ವರ್ ನೋಡಿಕೊಳ್ಳುವವರಿಗೆ ಕಳಿಸಿ. ಆ ಸಮಯ ಹಿಡಿದು ಅವರು ಲಾಗ್‌ನಲ್ಲಿ ನಿಮ್ಮ ಅರ್ಜಿಯನ್ನು ಹುಡುಕಬಹುದು.